ಸಿಂಧನೂರ ಕಡಿ ಗಾಳಿ

ವಿಮಾನ ಹಾರಿಸುವುದನ್ನು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ನಮ್ಮ ಮಸ್ಕಿಯ ಮನೆಗೆ ಬರುತ್ತಾರೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಒಟ್ಟು ಎಷ್ಟು ತಾಸು ಹಾರಿದ್ದೀರಿ ಸರ್ ಅನ್ನುತ್ತಾರೆ. ಹೇಳುತ್ತೇನೆ. ಕೇಳಿ ಹುಬ್ಬು ಏರಿಸುತ್ತಾರೆ, ಚಹಾ ಕುಡಿಯುತ್ತಾರೆ. ನೆಲದ ಮೇಲೆ ನಿಂತು ಕತ್ತು ಎತ್ತಿ ಎಷ್ಟು ತಾಸು ನೋಡಿದ್ದೀರಿ ಎಂದು ಯಾರೂ ಕೇಳಿಲ್ಲ. ಕಷ್ಟದ ತಾಸುಗಳು ಅವೇ.

ಈ ಕೆಲಸದ ಬಗ್ಗೆ ಜನರಿಗೆ ಇನ್ನೊಂದು ತಪ್ಪು ಕಲ್ಪನೆ ಇದೆ. ಕಲಿಸುವವನು ಬಲಗಡೆ ಕುರ್ಚಿಯಲ್ಲಿ ಕೂತು ಏನೋ ಮಾಡುತ್ತಿರುತ್ತಾನೆ ಅಂದುಕೊಂಡಿದ್ದಾರೆ. ಮೊದಲಿನ ದಿನಗಳಲ್ಲಿ ನಿಜ, ಮಾಡುತ್ತಾನೆ. ಆಮೇಲೆ ಅವನ ಕೆಲಸ ಏನೂ ಮಾಡದೆ ಇರುವುದು. ಕೈ ತೊಡೆಯ ಮೇಲೆ, ಕಾಲು ಪೆಡಲಿನ ಹತ್ತಿರ ಆದರೆ ಪೆಡಲಿನ ಮೇಲಲ್ಲ. ಶಿಷ್ಯ ತಪ್ಪುತ್ತಾನೆ, ನೀನು ನೋಡುತ್ತಿ, ಅವನೇ ಸರಿ ಮಾಡಿಕೊಳ್ಳಲಿ ಎಂದು ಹಲ್ಲು ಕಚ್ಚುತ್ತಿ. ಒಂದು ದಿನ ಇಳಿದ ಮೇಲೆ ನಿನಗೇ ಹೊಳೆಯುತ್ತದೆ: ಇವತ್ತು ನಾನು ಏನನ್ನೂ ಮುಟ್ಟಲಿಲ್ಲ, ಏನನ್ನೂ ಹೇಳಲಿಲ್ಲ. ಅವನು ಒಬ್ಬನೇ ಹೋಗಬಹುದಾದ ದಿನ ಅದು. ಅದಕ್ಕೆ ಸೋಲೋ ಅನ್ನುತ್ತಾರೆ. ಒಬ್ಬರೇ ಏರುವುದು, ಒಂದು ಸುತ್ತು ಹಾಕುವುದು, ಒಬ್ಬರೇ ಇಳಿಯುವುದು. ಅಷ್ಟೇ.

ಬಡ್ತಿ, ವರ್ಗಾವಣೆಗಳ ಕಥೆ ನನಗೂ ಬೇಸರ, ನಿಮಗೂ ಬೇಸರ. ಕೊನೆಯ ಕೆಲವು ವರ್ಷ ಊರಿನ ಹತ್ತಿರವೇ ಕೆಲಸ ಮಾಡುವ ಯೋಗ ಬಂತು. ಅದನ್ನು ಹೇಳುತ್ತೇನೆ.

ನಮ್ಮ ಫ್ಲೈಯಿಂಗ್ ಕ್ಲಬ್ಬಿನ ರನ್‌ವೇ ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಿಂದ ಒಳಗೆ, ಒಣಬೇಸಾಯ ಮುಗಿದು ಕಾಲುವೆ ನೀರು ಶುರುವಾಗುವ ಗಡಿಯಲ್ಲಿತ್ತು. ಲಿಂಗಸುಗೂರು, ಮಸ್ಕಿ, ಸಿಂಧನೂರು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರುತ್ತವೆ. ರನ್‌ವೇ ಕೂಡ ಅದೇ ಗೆರೆಯಲ್ಲಿ ಮಲಗಿತ್ತು. ಅದರ ಒಂದು ತುದಿ ವಾಯವ್ಯಕ್ಕೆ, ಲಿಂಗಸುಗೂರಿನ ಕಡೆಗೆ. ಅಲ್ಲಿ ಕರಿ ಎರೆ ಹೊಲ, ಜಾಲಿ ಗಿಡ, ಅದರಾಚೆ ಕರೆಂಟಿನ ಕಂಬಗಳ ಸಾಲು. ಇನ್ನೊಂದು ತುದಿ ಆಗ್ನೇಯಕ್ಕೆ, ಸಿಂಧನೂರಿನ ಕಡೆಗೆ. ಅಲ್ಲಿ ಕಣ್ಣು ಹಾಯುವಷ್ಟು ದೂರ ನೀರು ನಿಂತ ಭತ್ತದ ಗದ್ದೆ.

ಹಾರುವವನಿಗೆ ಈ ಎರಡು ನೆಲ ಎರಡು ಬೇರೆ ದೇಶ. ಬಿಸಿಲು ಕುಡಿದ ಎರೆ ಹೊಲದ ಮೇಲೆ ಬಿಸಿಗಾಳಿ ಏಳುತ್ತದೆ, ವಿಮಾನವನ್ನು ಕೆಳಗಿನಿಂದ ಎತ್ತುತ್ತದೆ. ಗದ್ದೆಯ ಮೇಲೆ ನೆಲ ತಂಪು, ಅಲ್ಲಿ ಗಾಳಿ ಕುಸಿಯುತ್ತದೆ. ಹೊಸಬರು ಗದ್ದೆ ದಾಟುವಾಗ ಇಂಜಿನ್ನಿಗೆ ಸ್ವಲ್ಪ ಶಕ್ತಿ ಕೊಡುತ್ತಾರೆ, ಹೊಲದ ಅಂಚು ಬಂದ ಕೂಡಲೇ ಜೋಕಾಲಿಯಲ್ಲಿ ಕೂತಂತೆ ಮೇಲಕ್ಕೆ ಹೋಗುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಕಿಟಕಿಯಾಚೆ ಬೆಳ್ಳಕ್ಕಿ ಎಣಿಸುತ್ತಿದ್ದೇನೆ ಎಂಬಂತೆ ಕೂತಿರಬೇಕು.

ನಮ್ಮ ಮುಖ್ಯ ಶಿಕ್ಷಕರು ಲಿಂಗಸುಗೂರಿನವರು. ಬಜಾರದಲ್ಲಿ ಅವರ ಮನೆತನದ ಬಟ್ಟೆ ಅಂಗಡಿ. ಎಲ್ಲರೂ ಅವರನ್ನು ಕ್ಯಾಪ್ಟನ್ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಎತ್ತರದ ಆಳು, ದೊಡ್ಡ ದನಿ. ಹಣೆಯ ವಿಭೂತಿ ಮಧ್ಯಾಹ್ನದ ಬೆವರಿಗೂ ಅಳಿಸುತ್ತಿರಲಿಲ್ಲ. ಸಿಟ್ಟು ಬಂದರೆ ಇಂಗ್ಲಿಷು, ಪ್ರೀತಿ ಬಂದರೆ ಕನ್ನಡ. ಶಿಷ್ಯರು ಅವರ ಭಾಷೆ ನೋಡಿ ಹವಾಮಾನ ತಿಳಿಯುತ್ತಿದ್ದರು.

ಅವರು ಮಾಡಿದ ಒಂದು ಬದಲಾವಣೆ ಮುಂದಿನ ಕಥೆಗೆ ಬೇಕು. ರನ್‌ವೇಗೆ ಹೆಸರು ಇಡುವುದು ದಿಕ್ಸೂಚಿಯ ಅಂಕಿಯಿಂದ. ಲಿಂಗಸುಗೂರಿಗೆ ಮುಖ ಮಾಡಿ ಏರಿದರೆ, ಇಳಿದರೆ, ದಿಕ್ಸೂಚಿ ಮುನ್ನೂರ ಹತ್ತು ಡಿಗ್ರಿ ತೋರಿಸುತ್ತದೆ. ಕೊನೆಯ ಸೊನ್ನೆ ಬಿಟ್ಟು ಅದನ್ನು ತ್ರೀ ಒನ್ ಅನ್ನುತ್ತಾರೆ. ಅದೇ ಪಟ್ಟಿಯ ಮೇಲೆ ಸಿಂಧನೂರಿಗೆ ಮುಖ ಮಾಡಿದರೆ ನೂರ ಮೂವತ್ತು, ಅಂದರೆ ಒನ್ ತ್ರೀ. ಅಂಕಿ ಅವೇ ಎರಡು, ಹಿಂದುಮುಂದು. ಒಮ್ಮೆ ಒಬ್ಬ ಹುಡುಗ ಒನ್ ತ್ರೀ ಅಂದದ್ದನ್ನು ತ್ರೀ ಒನ್ ಎಂದು ಕೇಳಿಸಿಕೊಂಡು, ಆತ್ಮವಿಶ್ವಾಸದಿಂದ ತಪ್ಪು ತುದಿಗೆ ಹೋಗಿ ನಿಂತ. ಎದುರಿನ ತುದಿಯಲ್ಲಿ ನಾನು ಇನ್ನೊಬ್ಬ ಶಿಷ್ಯನ ಜೊತೆ ಹೊರಡಲು ಸಿದ್ಧನಿದ್ದೆ. ಎರಡು ಟಗರು ಕಾಳಗಕ್ಕೆ ನಿಂತ ಹಾಗೆ ನಿಂತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನ ಸಾಹೇಬರು ಬಹಳ ಇಂಗ್ಲಿಷ್ ಮಾತಾಡಿದರು.

ಮರುದಿನದಿಂದ ಹೊಸ ಪದ್ಧತಿ. ಅಂಕಿ ಬ್ಯಾಡ, ಊರಿನ ಹೆಸರು ಹೇಳ್ರಿ ಅಂದರು. ಸಿಂಧನೂರ ತುದಿ, ಲಿಂಗಸುಗೂರ ತುದಿ. ಗಾಳಿಯೂ ಹಾಗೇ. ನಮ್ಮಲ್ಲಿ ಕಂಟ್ರೋಲ್ ಟವರ್ ಇರಲಿಲ್ಲ. ಕ್ಲಬ್ಬಿನವರೇ ಕೈಯಲ್ಲಿ ಹಿಡಿಯುವ ರೇಡಿಯೋದಲ್ಲಿ ಮೇಲಿದ್ದವರಿಗೆ ಗಾಳಿಯ ಸಮಾಚಾರ ಹೇಳುತ್ತಿದ್ದೆವು. ಊರಿನ ಮಕ್ಕಳಿಗೆ ಊರಿನ ಹೆಸರು ಎಂದೂ ತಪ್ಪುವುದಿಲ್ಲ ಎಂಬುದು ಅವರ ನಂಬಿಕೆ. ನನಗೂ ಒಳ್ಳೆಯ ಉಪಾಯ ಅನ್ನಿಸಿತ್ತು. ಬಹಳ ದಿನ ಒಳ್ಳೆಯ ಉಪಾಯವಾಗಿಯೇ ನಡೆಯಿತು ಕೂಡ.

ಶಿವಲೀಲಾ ಬಂದದ್ದು ಆ ಕಾಲದಲ್ಲಿ. ವಳಕಮದಿನ್ನಿ ಎಂಬ ಹಳ್ಳಿಯ ಹುಡುಗಿ. ತಂದೆಗೆ ಭತ್ತದ ಗದ್ದೆ, ಅದರ ಜೊತೆ ಅಕ್ಕಿ ವ್ಯಾಪಾರ. ಮೊದಲ ದಿನವೇ ನನ್ನನ್ನು ಕೇಳಿದಳು, ಸರ್ರ, ವಿಮಾನಕ್ಕ ರಿವರ್ಸ್ ಗೇರ್ ಇಲ್ಲೇನ್ರಿ ಎಂದು. ಟ್ರ್ಯಾಕ್ಟರ್ ಓಡಿಸಿ ಬಂದವಳು. ಇಲ್ಲ ಅಂದೆ. ಹಂಗಾದ್ರ ಮುಂದ ನೋಡ್ಕೊಂಡ ಹೋಗಬೇಕು ಅಂದಳು. ಅಷ್ಟು ಸರಿಯಾಗಿ ಅದನ್ನು ಹೇಳಿದವರು ಮತ್ತೆ ಸಿಕ್ಕಿಲ್ಲ.

ಅವಳ ಕೈ ಹಗುರ. ಕೆಲವರು ಸ್ಟಿಯರಿಂಗನ್ನು ಎಮ್ಮೆ ಹಗ್ಗ ಹಿಡಿದಂತೆ ಹಿಡಿಯುತ್ತಾರೆ, ಇವಳು ಎರಡು ಬೆರಳಲ್ಲಿ ಹಿಡಿಯುತ್ತಿದ್ದಳು. ಅವಳ ಒಂದೇ ತೊಡಕೆಂದರೆ ಇಳಿಯುವುದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಏರುವುದು. ಅದಕ್ಕೆ ಗೋ ಅರೌಂಡ್ ಅನ್ನುತ್ತೇವೆ. ಇಳಿಯುವಾಗ ಏನೋ ಸರಿ ಕಾಣದಿದ್ದರೆ, ಹಟ ಮಾಡದೆ, ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೊಂದು ಸುತ್ತು ಬರಬೇಕು. ಕಲಿಯುವವರಿಗೆ ಅದೊಂದು ಸೋಲು ಅನ್ನಿಸುತ್ತದೆ. ನಾನು ಹೇಳಿದಾಗ ಮಾಡುತ್ತಿದ್ದಳು, ಬಹಳ ಚೆನ್ನಾಗಿ ಮಾಡುತ್ತಿದ್ದಳು. ತಾನಾಗಿ ಒಮ್ಮೆಯೂ ಮಾಡಿರಲಿಲ್ಲ. ಪ್ರತಿ ಸಲ ನನ್ನ ಕಡೆ ಹೊಳ್ಳಿ ನೋಡುತ್ತಿದ್ದಳು. ಅದನ್ನು ಸಾಹೇಬರಿಗೆ ಹೇಳಿದ್ದೆ. ಅವರು, ಕೇಳಾಕ ಮಂದಿ ಇರೋತನಕ ಯಾರರ ಯಾಕ ತಾವಾಗಿ ಮಾಡ್ತಾರಪಾ ಅಂದಿದ್ದರು.

ಈಗ ಆ ಸಂಜೆಗೆ ಬರುತ್ತೇನೆ. ನಾನು ಕಣ್ಣಾರೆ ಕಂಡದ್ದನ್ನು ಕಂಡದ್ದೆಂದು ಬರೆಯುತ್ತೇನೆ. ವಿಮಾನದೊಳಗೆ ನಡೆದದ್ದು ಆಮೇಲೆ ಅವಳು ಹೇಳಿದ್ದು, ಅದನ್ನು ಅವಳು ಹೇಳಿದ್ದೆಂದೇ ಬರೆಯುತ್ತೇನೆ. ಎರಡನ್ನೂ ಬೆರೆಸಿದರೆ ಕಥೆ ಚೆಂದವಾಗುತ್ತದೆ, ಆದರೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಮುಂಗಾರು ಮುಗಿಯುವ ಹೊತ್ತು. ಮಧ್ಯಾಹ್ನವೆಲ್ಲ ಪಶ್ಚಿಮದಿಂದ ಗಾಳಿ ಜೋರಾಗಿತ್ತು, ಬಿಟ್ಟು ಬಿಟ್ಟು ಬೀಸುತ್ತಿತ್ತು. ರನ್‌ವೇಗೆ ಅದು ಎಡದಿಂದ ಓರೆಯಾಗಿ ಬರುವ ಗಾಳಿ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಆದ್ದರಿಂದ ಲಿಂಗಸುಗೂರಿಗೆ ಮುಖ ಮಾಡಿ ಹಾರುತ್ತಿದ್ದೆವು. ಸಂಜೆಯಾದಂತೆ ಗಾಳಿ ಇಳಿಯುತ್ತ ಬಂತು, ಪೂರ್ತಿ ಇಳಿಯಲಿಲ್ಲ. ಒಂಟಿಯಾಗಿ ಕಳಿಸಲು ಕ್ಲಬ್ಬು ಇಟ್ಟುಕೊಂಡಿದ್ದ ಮಿತಿಯೊಳಗೆ ಬಂತು. ಸಿಂಧನೂರಿನಾಚೆ, ಬಹಳ ದೂರ, ಒಂದು ಎತ್ತರದ ಮೋಡ ಸಂಜೆ ಬಿಸಿಲಿಗೆ ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ನಾನು ಅದನ್ನು ಸಾಹೇಬರಿಗೆ ತೋರಿಸಿದೆ. ಅವರೂ ನೋಡಿದರು. ದೂರ ಐತಿ ಅಂದರು. ದೂರವೇ ಇತ್ತು.

ಸೋಲೋಗೆ ಕಳಿಸುವ ಮುನ್ನ, ಕಲಿಸಿದವನನ್ನು ಬಿಟ್ಟು ಬೇರೆ ಶಿಕ್ಷಕರು ಪರೀಕ್ಷಿಸಬೇಕು. ಹಾಗಾಗಿ ಸಾಹೇಬರು ಅವಳ ಜೊತೆ ಸುತ್ತು ಹಾಕಿ ಬಂದರು. ಇಂಜಿನ್ ತಿರುಗುತ್ತಿದ್ದಂತೆಯೇ ಬಾಗಿಲು ತೆರೆದು ಇಳಿದರು, ಖಾಲಿ ಕುರ್ಚಿಯ ಬೆಲ್ಟನ್ನು ಬಿಗಿದರು. ಸಡಿಲ ಬೆಲ್ಟು ಹೋಗಿ ಎದುರಿನ ಸ್ಟಿಯರಿಂಗಿಗೆ ಸಿಕ್ಕಿಕೊಳ್ಳಬಾರದು, ಅದಕ್ಕೆ. ಆಮೇಲೆ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು:

"ಒಂದ್ ಸುತ್ತು ಹಾಕ್ಕೊಂಡು ಬಾ ಯವ್ವಾ. ನಾ ಅಷ್ಟರಾಗ ಚಾ ಕುಡೀತೀನಿ."

"ನಾ ಒಬ್ಬಾಕಿನೇನ್ರಿ?"

"ಮತ್ತೇನು, ಜೋಡಿಗಿ ನಿಮ್ಮಪ್ಪನ್ನ ಕರಸ್ಲೇನು?"

ಅವಳು ನಕ್ಕದ್ದು ನನಗೆ ದೂರದಿಂದ ಕಂಡಿತು. ಬಾಗಿಲು ಹಾಕಿ ಚಿಲಕ ಭದ್ರ ಮಾಡಿ ಸಾಹೇಬರು ನನ್ನ ಹತ್ತಿರ ಬಂದು ನಿಂತರು. ಅವರ ಕೈಯಲ್ಲಿ ಒಂದು ರೇಡಿಯೋ, ನನ್ನ ಕೈಯಲ್ಲಿ ಒಂದು. ಚಹಾ ತಂದವನು ಹುಸೇನಸಾಬ. ಬೆಂಕಿ ಆರಿಸುವ ಗಾಡಿ, ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ, ರನ್‌ವೇ ಮೇಲೆ ಬರುವ ಕುರಿ, ಎಲ್ಲ ಅವನ ಸುಪರ್ದಿ.

ಅವಳು ಚೆನ್ನಾಗಿ ಏರಿದಳು. ಬಲಗಡೆ ಕುರ್ಚಿಯ ಭಾರ ಇಲ್ಲದಿದ್ದರೆ ಆ ಚಿಕ್ಕ ವಿಮಾನ ಬೇಗ ನೆಲ ಬಿಡುತ್ತದೆ, ಹೊಸಬರಿಗೆ ಅದೇ ಮೊದಲ ಆಶ್ಚರ್ಯ. ಲಿಂಗಸುಗೂರ ತುದಿ ದಾಟಿ, ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ಸಾವಿರ ಅಡಿ ಎತ್ತರದಲ್ಲಿ ರನ್‌ವೇಗೆ ಸಮನಾಗಿ, ಈಗ ಸಿಂಧನೂರ ಕಡೆ ಮುಖ ಮಾಡಿ ನಮ್ಮನ್ನು ದಾಟತೊಡಗಿದಳು. ಇನ್ನು ಎರಡು ಎಡ ತಿರುವು ಹಾಕಿದರೆ ಮತ್ತೆ ರನ್‌ವೇ ಎದುರಿಗೆ ಬರುತ್ತಾಳೆ. ಸಾಹೇಬರು ಚಹಾಕ್ಕೆ ಬಾಯಿ ಹಚ್ಚಿದ್ದರು.

ಆಗ ಗಾಳಿ ನಿಂತಿತು. ನಾನು ಗಾಳಿಚೀಲ ನೋಡಿದೆ. ಒಣಹಾಕಿದ ಅಂಗಿಯಂತೆ ಕಂಬಕ್ಕೆ ಜೋತುಬಿದ್ದಿತ್ತು. ಗದ್ದೆಯ ಕಡೆಯಿಂದ ತಣ್ಣನೆಯ ಕೆಸರುವಾಸನೆ ಬಂತು, ಅದರ ಹಿಂದೆಯೇ ಬೆಳ್ಳಕ್ಕಿಗಳು ಗುಂಪಾಗಿ ಎದ್ದವು. ಹುಸೇನಸಾಬ ಹೇಳಿದ:

"ಸಾಬ್, ಹವಾ ಉಲ್ಟಾ ಆತು ನೋಡ್ರಿ."

ದೂರದಲ್ಲಿ ಮಳೆ ಸುರಿದಾಗ ಅದರ ಜೊತೆ ತಣ್ಣನೆಯ ಗಾಳಿಯೂ ಮೋಡದಿಂದ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು, ನೀರು ಚೆಲ್ಲಿದಂತೆ ಸುತ್ತ ಹರಡುತ್ತದೆ. ಮಳೆ ಬಾರದಿದ್ದರೂ ಅದು ಹರದಾರಿಗಟ್ಟಲೆ ಬರಬಲ್ಲದು. ಆ ತಾಮ್ರದ ಮೋಡದ ಗಾಳಿ ಬಂದಿತ್ತು. ಗಾಳಿಚೀಲ ಒಮ್ಮೆ ನಡುಗಿ, ತುಂಬಿಕೊಂಡು, ಬಾಲವನ್ನು ಲಿಂಗಸುಗೂರ ಕಡೆ ಚಾಚಿತು. ಅಂದರೆ ಗಾಳಿ ಈಗ ಸಿಂಧನೂರ ಕಡೆಯಿಂದ ಬೀಸುತ್ತಿತ್ತು. ಅವಳು ಇಳಿಯಬೇಕಾದ ದಿಕ್ಕು ಪೂರ್ತಿ ಬದಲಾಗಿತ್ತು.

ಸಾಹೇಬರು ಚಹಾ ಕೆಳಗಿಟ್ಟರು. ಹುಡುಗಿ ಗಾಬರಿಯಾಗಬಾರದೆಂದು ದನಿ ತಗ್ಗಿಸಿ, ಪ್ರೀತಿಯ ಕನ್ನಡದಲ್ಲಿ ರೇಡಿಯೋಗೆ ಹೇಳಿದರು:

"ಲೀಲಾ, ಗಾಳಿ ತಿರುಗೈತಿ. ಈಗ ನೆಟ್ಟಗ ಸಿಂಧನೂರ ಕಡಿ ಗಾಳಿ."

"ತಿಳೀತ್ರಿ ಸರ್ರ," ಎಂದು ಅವಳ ದನಿ ಬಂತು. ಗಾಬರಿ ಇರಲಿಲ್ಲ. ಖುಷಿಯೇ ಇತ್ತು.

ಸಾಹೇಬರು ನನ್ನ ಕಡೆ ನೋಡಿ ತಲೆಯಾಡಿಸಿದರು. ಈಗ ಅವಳು ನೇರ ಮುಂದೆ ಹೋಗಿ, ದೊಡ್ಡ ಸುತ್ತು ಹಾಕಿ, ಲಿಂಗಸುಗೂರ ತುದಿಯಿಂದ ಬರುತ್ತಾಳೆ ಎಂದು ನಾವಿಬ್ಬರೂ ಕಾಯುತ್ತಿದ್ದೆವು. ಅವಳು ಎಡಕ್ಕೆ ತಿರುಗಿದಳು, ಇಳಿಯತೊಡಗಿದಳು, ಮತ್ತೆ ಎಡಕ್ಕೆ ತಿರುಗಿದಳು. ಗದ್ದೆಗಳ ಮೇಲೆ, ರನ್‌ವೇಗೆ ನೇರವಾಗಿ, ಗಾಳಿಗೆ ಬೆನ್ನು ಕೊಟ್ಟು ಬರತೊಡಗಿದಳು. ತಿಳೀತು ಅಂದಿದ್ದಾಳೆ, ಈಗ ಏರುತ್ತಾಳೆ, ಈಗ ಏರುತ್ತಾಳೆ ಎಂದು ನಾವು ಕಾದೆವು.

ಸಿಂಧನೂರ ಕಡಿ ಗಾಳಿ. ಈ ಮೂರು ಪದಗಳನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿ. ಸಿಂಧನೂರ ಕಡೆಯಿಂದ ಬರುವ ಗಾಳಿಯೇ, ಸಿಂಧನೂರ ಕಡೆಗೆ ಹೋಗುವ ಗಾಳಿಯೇ? ಬಜಾರದಲ್ಲಿ ಬೆಳೆದ ಸಾಹೇಬರಿಗೆ ಅದು ಬರುವ ಗಾಳಿ. ಧೂಳು ಯಾವ ಕಡೆಯಿಂದ ಅಂಗಡಿಗೆ ನುಗ್ಗುತ್ತದೆ ಎಂಬುದೇ ಅವರಿಗೆ ಮುಖ್ಯ. ಶಿವಲೀಲಾ ಬೆಳೆದದ್ದು ಕಣದಲ್ಲಿ. ಯಂತ್ರ ಬಂದ ಮೇಲೂ ಅವರ ಮನೆಯಲ್ಲಿ ಉಣ್ಣುವ ಭತ್ತವನ್ನು ಕಣದಲ್ಲೇ ತೂರುತ್ತಾರೆ. ತೂರುವವರಿಗೆ ಬೇಕಾದ ಸಮಾಚಾರ ಒಂದೇ, ಹೊಟ್ಟು ಯಾವ ಕಡೆಗೆ ಹಾರುತ್ತದೆ. ಆ ಕಡೆ ಮಕ್ಕಳು ಕೂರಬಾರದು, ಚೀಲ ಇಡಬಾರದು. ಅವಳ ಅಜ್ಜಿ ಸಿಂಧನೂರ ಕಡಿ ಗಾಳಿ ಅಂದರೆ ಹೊಟ್ಟು ಸಿಂಧನೂರ ಕಡೆಗೆ ಎಂದು ಅರ್ಥ. ಹಾಗೆ ತಿಳಿದರೆ ಸಾಹೇಬರು ಹೇಳಿದ್ದು ಒಳ್ಳೆಯ ಸುದ್ದಿ: ಓರೆಗಾಳಿ ತಿರುಗಿ ಈಗ ರನ್‌ವೇಗೆ ನೆಟ್ಟಗೆ ಎದುರಾಗಿದೆ, ಇಳಿಯುವುದು ಸುಲಭ. ಅದಕ್ಕೇ ಅವಳ ದನಿಯಲ್ಲಿ ಖುಷಿ.

ಇದೆಲ್ಲ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ನನಗೆ ಕಂಡದ್ದು ಒಂದು ಬಿಳಿ ವಿಮಾನ, ಎತ್ತರ ಜಾಸ್ತಿ, ವೇಗ ಬಹಳ ಜಾಸ್ತಿ.

ಬೆನ್ನ ಗಾಳಿಯಲ್ಲಿ ಇಳಿಯುವುದು ಯಾಕೆ ಕೆಟ್ಟದ್ದು ಎಂದು ಹೊಸಬರಿಗೆ ಹೇಳಬೇಕು. ವಿಮಾನ ಹಾರುವುದು ಗಾಳಿಯೊಳಗೆ, ಇಳಿಯುವುದು ನೆಲದ ಮೇಲೆ. ವೇಗದ ಮುಳ್ಳು ತೋರಿಸುವುದು ಗಾಳಿಯೊಳಗಿನ ವೇಗವನ್ನು ಮಾತ್ರ. ಮುಳ್ಳು ಅರವತ್ತೈದು ನಾಟ್ ತೋರಿಸುವಾಗ ಎದುರುಗಾಳಿ ಹದಿನೈದಿದ್ದರೆ ನೆಲದ ಮೇಲೆ ಐವತ್ತರಲ್ಲಿ ಇಳಿಯುತ್ತಿ. ಅದೇ ಹದಿನೈದು ಬೆನ್ನಿಗಿದ್ದರೆ ಎಂಬತ್ತು. ರನ್‌ವೇ ಅಷ್ಟೇ ಉದ್ದ. ಇನ್ನೊಂದು ಅಪಾಯ ಕಣ್ಣಿನದು. ನೆಲ ಓಡುವುದನ್ನು ನೋಡಿ ವೇಗ ಜಾಸ್ತಿಯಾಯಿತೆಂದು ತಿಳಿದು ಮೂತಿ ಎತ್ತಿ ವೇಗ ಕಡಿಮೆ ಮಾಡಲು ಹೋದರೆ, ರೆಕ್ಕೆಗೆ ಬೇಕಾದ ಗಾಳಿ ಸಾಲದೆ ವಿಮಾನ ಕಲ್ಲಿನಂತೆ ಬೀಳುತ್ತದೆ.

ಗಾಳಿಚೀಲ ಕಾಣಲಿಲ್ಲವೇ ಎಂದು ಕೇಳಬಹುದು. ನಾನೂ ಕೇಳಿದೆ. ಅವಳು ಪಕ್ಕದಲ್ಲಿ ಹಾದುಹೋಗುವಾಗ ನೋಡಿದಳಂತೆ, ಆಗ ಅದು ಜೋತುಬಿದ್ದಿತ್ತು. ರನ್‌ವೇಗೆ ನೇರವಾದ ಮೇಲೆ ಮತ್ತೆ ನೋಡಿದಳು, ಆಗ ತುಂಬಿಕೊಂಡಿತ್ತು. ಆದರೆ ನೇರ ಎದುರಿನಿಂದ ನೋಡಿದರೆ ಗಾಳಿಚೀಲ ಬರಿಯ ಒಂದು ದುಂಡು. ಅದರ ಬಾಯಿ ನಿನ್ನ ಕಡೆಗಿದೆಯೋ ಬಾಲ ನಿನ್ನ ಕಡೆಗಿದೆಯೋ ಗೊತ್ತಾಗುವುದಿಲ್ಲ. ಗಾಳಿ ನೆಟ್ಟಗಿದೆ ಎಂದು ಹೇಳಿದ್ದರು, ನೆಟ್ಟಗೇ ಇತ್ತು.

ಅವಳು ರನ್‌ವೇ ಅಂಚು ದಾಟುವಾಗ ಸಾಹೇಬರು ರೇಡಿಯೋ ಗುಂಡಿ ಒತ್ತಿ, ಗೋ ಅರೌಂಡ್, ಗೋ ಅರೌಂಡ್ ಎಂದು ಕೂಗಿದರು. ಅದೇ ಕ್ಷಣದಲ್ಲಿ ಅವಳೂ ಗುಂಡಿ ಒತ್ತಿ ಏನೋ ಹೇಳುತ್ತಿದ್ದಳು. ರೇಡಿಯೋದಲ್ಲಿ ಇಬ್ಬರು ಒಮ್ಮೆಗೇ ಮಾತಾಡಿದರೆ ಮಾತಾಡುವ ಇಬ್ಬರಿಗೂ ಏನೂ ಕೇಳುವುದಿಲ್ಲ. ಸುಮ್ಮನಿರುವ ಮೂರನೆಯವನಿಗೆ ಒಂದು ಕೀರಲು ಸದ್ದು ಕೇಳುತ್ತದೆ. ನನ್ನ ರೇಡಿಯೋ ಕಿರುಚಿತು. ಆ ಸದ್ದಿನಿಂದಲೇ ನನಗೆ ತಿಳಿಯಿತು, ಅವರ ಮಾತು ಅವಳಿಗೆ ಮುಟ್ಟಲಿಲ್ಲ. ಮತ್ತೊಮ್ಮೆ ಹೇಳುವಷ್ಟು ಹೊತ್ತು ಉಳಿದಿರಲಿಲ್ಲ.

ಅವಳು ಇಂಜಿನ್ ತಗ್ಗಿಸಿದ್ದಳು, ಮೂತಿ ಮೆಲ್ಲಗೆ ಎತ್ತಿದ್ದಳು, ಎಲ್ಲ ನಾನು ಕಲಿಸಿದ ಹಾಗೆಯೇ. ವಿಮಾನ ಮಾತ್ರ ಇಳಿಯಲಿಲ್ಲ. ನೆಲದಿಂದ ಒಂದಾಳು ಎತ್ತರದಲ್ಲಿ ತೇಲುತ್ತ ತೇಲುತ್ತ ನಮ್ಮ ಮುಂದೆ ಹಾದುಹೋಯಿತು. ಅರ್ಧ ರನ್‌ವೇ ಮುಗಿಯಿತು. ಚಕ್ರ ಒಮ್ಮೆ ನೆಲ ಮುಟ್ಟಿ, ಧೂಳೆಬ್ಬಿಸಿ, ಪುಟಿದು ಮತ್ತೆ ಮೇಲೆದ್ದಿತು. ಮುಂದೆ ಉಳಿದದ್ದು ಸ್ವಲ್ಪ ಡಾಂಬರು, ಜಾಲಿ, ಕಂಬಗಳ ಸಾಲು. ಹುಸೇನಸಾಬ ಗಾಡಿಯ ಕಡೆ ಓಡಿದ. ನಾನು ಓಡಲಿಲ್ಲ.

ಆಗ ಇಂಜಿನ್ ಪೂರ್ತಿ ಗರ್ಜಿಸಿತು.

ನಾನು ಬಾಯಿಬಿಟ್ಟು ಒಂದೊಂದೇ ಹೇಳುತ್ತಿದ್ದೆನಂತೆ, ಸಾಹೇಬರು ಆಮೇಲೆ ತಿಳಿಸಿದರು. ಇಂಜಿನ್ನಿಗೆ ಶಕ್ತಿ ಕೊಡುವ ಥ್ರಾಟಲ್ ಪೂರ್ತಿ ಮುಂದಕ್ಕೆ ನೂಕು. ಕಾರ್ಬ್ಯುರೇಟರಿನ ಬಿಸಿಗಾಳಿ ಬಂದ್, ಯಾಕೆಂದರೆ ಅದು ಇಂಜಿನ್ನಿನ ಬಲ ತಿನ್ನುತ್ತದೆ. ಬಲಗಾಲು ಪೆಡಲಿನ ಮೇಲೆ, ಯಾಕೆಂದರೆ ಪೂರ್ತಿ ಶಕ್ತಿಗೆ ಮೂತಿ ಎಡಕ್ಕೆ ಎಳೆಯುತ್ತದೆ. ರೆಕ್ಕೆಯ ಹಿಂದೆ ಇಳಿಬಿಟ್ಟ ಫ್ಲ್ಯಾಪನ್ನು ಒಂದು ಹಂತ ಮಾತ್ರ ಎತ್ತು. ಎಲ್ಲ ಒಮ್ಮೆಗೇ ಎತ್ತಿದರೆ ಕುಸಿಯುತ್ತಿ. ಮೂತಿ ಎತ್ತಬೇಡ. ಇದೇ ಎಲ್ಲಕ್ಕಿಂತ ಕಷ್ಟ. ಕಣ್ಣೆದುರಿಗೆ ಕಂಬ ಬರುತ್ತಿರುವಾಗ ಕೈ ತಾನಾಗಿ ಎಳೆಯುತ್ತದೆ. ಎಳೆಯಬಾರದು. ವೇಗ ಬರುವ ತನಕ ನೆಲಕ್ಕೆ ಹತ್ತಿರದಲ್ಲೇ ಹಿಡಿದಿರಬೇಕು.

ಅವಳು ಹಿಡಿದಿದ್ದಳು. ರನ್‌ವೇ ಮುಗಿಯುವ ತನಕ ಹಿಡಿದಿದ್ದಳು. ಆಮೇಲೆ ವಿಮಾನ, ನಿದ್ದೆಯಿಂದ ಏಳುವ ಎತ್ತಿನಂತೆ ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು ಏರಿತು. ಜಾಲಿಯ ಮೇಲೆ ಹೋಯಿತು. ತಂತಿಯ ಮೇಲೆ ಹೋಯಿತು. ಎಷ್ಟು ಮೇಲೆ ಎಂದು ನನ್ನನ್ನು ಕೇಳಬೇಡಿ. ಆ ಕೋನದಿಂದ ಅಳೆಯಲು ಬರುವುದಿಲ್ಲ, ಸುಳ್ಳು ಹೇಳಲು ಇಷ್ಟವಿಲ್ಲ.

ಏರಿದ ಮೇಲೆ ಅವಳ ದನಿ ಬಂತು.

"ಸರ್ರ, ಗಾಳಿ ಎದುರಿಗಿ ಇಲ್ರಿ. ಹಿಂದಿಂದ ನೂಕಾಕತ್ತೈತಿ. ಸಿಂಧನೂರ ಕಡಿ ಗಾಳಿ ಅಂದ್ರೆಲ್ರಿ?"

ಸಾಹೇಬರು ಗುಂಡಿ ಒತ್ತಿ, ಹೌದವ್ವಾ, ಸಿಂಧನೂರ ಕಡಿ ಗಾಳಿನ ಐತಿ ಅಂದರು. ಒತ್ತಿ ಒತ್ತಿ ಅಂದರು. ಕಿವಿ ಕೇಳದವರಿಗೆ ಜೋರಾಗಿ ಹೇಳುವ ಹಾಗೆ. ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲೂ ಕಣ ಇತ್ತು. ನಮ್ಮವ್ವನೂ ಮೊರ ಹಿಡಿದು ನಿಂತು ನಮ್ಮನ್ನು ಗಾಳಿಯ ಕಡೆಯಿಂದ ಎಬ್ಬಿಸುತ್ತಿದ್ದಳು.

ನಾನು ಸಾಹೇಬರ ಭುಜ ಮುಟ್ಟಿ ಸುಮ್ಮನಿರಿಸಿ ನನ್ನ ರೇಡಿಯೋ ಎತ್ತಿದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿತು.

"ಲೀಲಾ, ಹೊಟ್ಟು ಲಿಂಗಸುಗೂರ ಕಡಿಗಿ ಹಾರಾಕತ್ತೈತಿ. ಸಿಂಧನೂರಿಗಿ ಮುಖ ಮಾಡಿ ಇಳೀಬೇಕು. ರನ್‌ವೇ ಒನ್ ತ್ರೀ. ಹೊಳ್ಳಿ ಹೇಳು."

ಆಮೇಲೆ, "ಹೊಟ್ಟು ಲಿಂಗಸುಗೂರಿಗಿ. ಮುಖ ಸಿಂಧನೂರಿಗಿ. ರನ್‌ವೇ ಒನ್ ತ್ರೀ," ಎಂದಳು. ಅದರ ಹಿಂದೆಯೇ, "ಅಯ್ಯ ಶಿವನ," ಎಂದು ಗುಂಡಿ ಬಿಡುವ ಮುನ್ನ ಹೊರಬಿದ್ದ ಮಾತು.

ಉಳಿದದ್ದನ್ನು ಮೆಲ್ಲಗೆ ಹೇಳಿದೆ. ನೆಟ್ಟಗೆ ಏರು, ಸ್ವಲ್ಪ ಬಲಕ್ಕೆ ಸರಿ, ರನ್‌ವೇ ಗೆರೆ ನಿನ್ನ ಎಡಗೈ ಕಡೆ ಇರಲಿ. ಎತ್ತರ ಸಿಕ್ಕ ಮೇಲೆ ಎರಡು ಸಲ ಎಡಕ್ಕೆ ತಿರುಗಿದರೆ ಎದುರಿಗೆ ಬರುತ್ತೀ. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದೆ, ಆದ್ದರಿಂದ ಫ್ಲ್ಯಾಪ್ ಎರಡೇ ಹಂತ ಸಾಕು. ಮುಳ್ಳು ಅರವತ್ತರ ಬದಲು ಅರವತ್ತೈದರಲ್ಲಿ ಇರಲಿ. ಗಾಳಿಯ ಒಂದು ಹೊಡೆತ ತಟ್ಟನೆ ನಿಂತರೆ ಆ ಐದು ಕೈಯಲ್ಲಿರಬೇಕು. ಅವಳು ಒಂದೊಂದನ್ನೂ ಹೊಳ್ಳಿ ಹೇಳಿದಳು.

ಈ ಸಲ ವಿಮಾನ ಎರೆ ಹೊಲಗಳ ಮೇಲಿಂದ ಬಂತು. ಎದುರುಗಾಳಿಗೆ ಎಷ್ಟು ನಿಧಾನ ಬಂತೆಂದರೆ, ಗಾಳಿಪಟ ಕಟ್ಟಿ ನಿಲ್ಲಿಸಿದಂತೆ ಕಂಡಿತು. ರೆಕ್ಕೆ ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು, ಅವಳು ಅದನ್ನು ಮತ್ತೆ ಮತ್ತೆ ಸಮ ಮಾಡುತ್ತಿದ್ದಳು. ರನ್‌ವೇ ಅಂಚು ದಾಟಿತು. ಮೂತಿ ಎದ್ದಿತು. ಒಂದು ಗಾಳಿ ಹೊಡೆದು ಸ್ವಲ್ಪ ಮೇಲೆತ್ತಿತು. ಅವಳು ಏನೂ ಮಾಡದೆ ಕಾದಳು, ಅದೇ ಸರಿ. ಆಮೇಲೆ ಹಿಂದಿನ ಎರಡು ಚಕ್ರ, ಆಮೇಲೆ ಮುಂದಿನದು. ಬಹಳ ಕಡಿಮೆ ದೂರ ಓಡಿ ನಿಂತಿತು. ನಿಂತ ಜಾಗದಲ್ಲೇ ನಿಲ್ಲು, ತಿರುಗಿಸಬೇಡ ಅಂದೆ. ಹಗುರ ವಿಮಾನಕ್ಕೆ ಆ ಗಾಳಿಯಲ್ಲಿ ನೆಲದ ಮೇಲೂ ಮಗುಚುವ ಅಭ್ಯಾಸ ಇದೆ. ನಾನೂ ಹುಸೇನಸಾಬನೂ ಓಡಿಹೋಗಿ ಒಂದೊಂದು ರೆಕ್ಕೆಯ ಕೆಳಗಿನ ಕಂಬಿ ಹಿಡಿದೆವು.

ಇಂಜಿನ್ ಆರಿಸಿದಳು. ನಾನು ಬಾಗಿಲು ತೆರೆದೆ. ಅವಳ ಬಲಗೈ ಇನ್ನೂ ಥ್ರಾಟಲಿನ ಮೇಲೆ ಇತ್ತು. ಅವಸರ ಮಾಡದೆ ನಿಂತೆ. ಗುಂಡಿ ಒತ್ತಿ ಏನು ಹೇಳುತ್ತಿದ್ದೆ ಎಂದು ಕೇಳಿದೆ.

"ಏನ್ ಮಾಡ್ಲಿ ಅಂತ ನಿಮಗ ಕೇಳಾಕತ್ತಿದ್ದೆ ಸರ್ರ. ಯಾರೂ ಏನೂ ಅನ್ಲಿಲ್ಲ. ಬಲಕ್ಕ ಹೊಳ್ಳಿ ನೋಡಿದೆ. ಅಲ್ಲೂ ಯಾರೂ ಇದ್ದಿಲ್ಲ."

"ಆಮ್ಯಾಲ?"

"ಆಮ್ಯಾಲೇನು, ನೂಕಿದೆ."

ಹುಸೇನಸಾಬ ರೆಕ್ಕೆಯ ಕೆಳಗಿನಿಂದ, ಏ ಬೇಟಿ, ಆ ಕಂಬಕ್ಕ ಸಲಾಂ ಹೊಡದು ಬಂದಿ ನೋಡು ಅಂದ. ಅವಳು ಮೊದಲು ನಕ್ಕಳು, ಆಮೇಲೆ ಸ್ವಲ್ಪ ಅತ್ತಳು, ಮತ್ತೆ ನಕ್ಕಳು. ಇದು ಸರಿಯಾದ ಕ್ರಮ. ನಗದೆ ಬರೀ ಅತ್ತವರು, ಅಳದೆ ಬರೀ ನಕ್ಕವರು, ಇಬ್ಬರನ್ನೂ ಕಂಡರೆ ನನಗೆ ಚಿಂತೆಯಾಗುತ್ತದೆ.

ವಿಮಾನ ತಳ್ಳಿ ಒಳಗೆ ಕಟ್ಟಿಹಾಕುವಷ್ಟರಲ್ಲಿ ಹನಿ ಬಿದ್ದವು. ತಗಡಿನ ಶೆಡ್ಡಿನ ಕೆಳಗೆ ಸಾಹೇಬರು ಅವಳನ್ನು ಎದುರಿಗೆ ಕೂರಿಸಿಕೊಂಡು, ನಾ ಅಂದದ್ದು ನಿನಗ ಹೆಂಗ ತಿಳೀತು, ಒಂದೊಂದೇ ಹೇಳು ಅಂದರು. ಅವಳು ಕಣ, ಹೊಟ್ಟು, ಅಜ್ಜಿ ಎಲ್ಲ ಹೇಳಿದಳು. ಸಾಹೇಬರು ನಡುವೆ ತಡೆಯದೆ ಕೊನೆಯವರೆಗೂ ಕೇಳಿದರು. ನಿಮಗೆ ಹೇಳಬೇಕಾದ ಪಾಠ ಅಲ್ಲೇ ಇದೆ: ಗಾಳಿಯನ್ನು ಅಂಕಿಯಲ್ಲೇ ಹೇಳಿ. ಆ ಅಂಕಿ ಎಂದೂ ಗಾಳಿ ಬರುವ ದಿಕ್ಕಿನದೇ, ಲೋಕದ ಯಾವ ಮೂಲೆಯಲ್ಲೂ ಅದಕ್ಕೆ ಎರಡನೆಯ ಅರ್ಥ ಇಲ್ಲ. ರನ್‌ವೇಯನ್ನೂ ಅಂಕಿಯಲ್ಲೇ ಹೇಳಿ, ಶಿಷ್ಯನಿಂದ ಹೊಳ್ಳಿ ಹೇಳಿಸಿ. ತಿಳಿಯಿತು ಎಂಬ ಮಾತನ್ನು ಉತ್ತರವೆಂದು ಎಣಿಸಬೇಡಿ. ತಪ್ಪು ತಿಳಿದವನಿಗೂ ತಿಳಿದೇ ಇರುತ್ತದೆ. ಊರ ಹೆಸರಿನ ಪದ್ಧತಿ ಅವತ್ತೇ ನಿಂತಿತು.

ಮಳೆ ಜೋರಾಯಿತು. ಹುಸೇನಸಾಬ ಹೊಸ ಚಹಾ ತಂದ. ಶಿವಲೀಲಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮುಖದಲ್ಲಿ ಏನೋ ಲೆಕ್ಕ ನಡೆದಿತ್ತು. ಕೊನೆಗೆ ಕೇಳಿದಳು:

"ಸರ್ರ, ನೀವು ಒಂದ್ ಸುತ್ತು ಅಂದಿದ್ರಿ. ನಾ ಎರಡ್ ಹಾಕಿ ಬಂದೀನಿ. ಇದರಾಗ ನನ್ನ ಸೋಲೋ ಯಾವುದ್ರಿ?"

ಸಾಹೇಬರು ತಮ್ಮ ಬಟ್ಟಲನ್ನು ಕೆಳಗಿಟ್ಟರು.

"ಮೊದಲಿಂದು ನಂದವ್ವಾ," ಅಂದರು. "ಎರಡನೇದು ನಿಂದು."